ಅಜ್ಜಿ ಕಥೆ, ಟಿಫಿನ್ ಡಬ್ಬಿ, ಮಳೆಯಾಟ: ಮೂರು ವಿಡಿಯೊಗೆ ಮೂರು ಉತ್ತರ

ಯೂಟ್ಯೂಬ್‌ಗೆ ವಿಡಿಯೊ ಹಾಕುವಾಗ ಒಂದು ಪ್ರಶ್ನೆ ಬರುತ್ತದೆ: Is this video made for kids? ಚಾನೆಲ್ ಸೆಟ್ಟಿಂಗ್‌ನಲ್ಲೇ ಉತ್ತರ ಕೊಟ್ಟಿರದಿದ್ದರೆ ಇಲ್ಲಿ ಹೌದೋ ಅಲ್ಲವೋ ಹೇಳಲೇಬೇಕು, ಇಲ್ಲದಿದ್ದರೆ ಪಬ್ಲಿಷ್ ಆಗುವುದಿಲ್ಲ. ಹೆಚ್ಚಿನವರು ಯೋಚನೆ ಮಾಡದೆ No ಒತ್ತಿ ಮುಂದೆ ಹೋಗುತ್ತಾರೆ. ಕಾಮೆಂಟ್ ಉಳಿಯುತ್ತೆ, ಜಾಹೀರಾತಿನ ದುಡ್ಡು ಉಳಿಯುತ್ತೆ, ಇನ್ನೇನು ಬೇಕು ಅನ್ನುವ ಲೆಕ್ಕ. ಇನ್ನು ಕೆಲವರು ವಿಡಿಯೊದಲ್ಲಿ ಮಗು ಕಂಡಿತು ಅಂತ Yes ಒತ್ತುತ್ತಾರೆ. ಎರಡೂ ತಪ್ಪಾಗಬಹುದು.

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಕಾಪಾ ಎಂಬ ಕಾನೂನು ಇದೆ. 13 ವರ್ಷ ತುಂಬದ ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಆನ್‌ಲೈನ್‌ನಲ್ಲಿ ಸಂಗ್ರಹಿಸಬಾರದು ಎನ್ನುವುದು ಅದರ ಸಾರ. ಮಕ್ಕಳ ಚಾನೆಲ್ ನೋಡುವವರನ್ನು ಯೂಟ್ಯೂಬ್ ಹಿಂಬಾಲಿಸಿ, ಅವರ ಆಸಕ್ತಿ ನೋಡಿಕೊಂಡು ಜಾಹೀರಾತು ತೋರಿಸಿದೆ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ದೂರಿದರು. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ 17 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಆ ರಾಜಿಯ ಫಲವಾಗಿ 2019ರ ನವೆಂಬರ್‌ನಿಂದ ಪ್ರತಿ ವಿಡಿಯೊಗೂ ಈ ಪ್ರಶ್ನೆ ಅಂಟಿಕೊಂಡಿತು. ನೀವು ಇರುವುದು ಶಿವಮೊಗ್ಗದಲ್ಲಾದರೂ ಸರಿ, ಸಿಂಗಪುರದಲ್ಲಾದರೂ ಸರಿ, ಯೂಟ್ಯೂಬ್ ಕೇಳುವ ಉತ್ತರ ಒಂದೇ. ನಮ್ಮ ದೇಶದಲ್ಲೂ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಬೇರೆಯೇ ಬೇಲಿ ಹಾಕಿದೆ. ಅಲ್ಲಿ ಮಗು ಅಂದರೆ 18 ತುಂಬದವರು. ಆದರೆ ವಿಡಿಯೊ ಹಾಕಿ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೊದಲ್ಲಿ ನಿಮ್ಮ ಮುಂದಿರುವ ಪ್ರಶ್ನೆಗೆ ಮೂಲ ಅಮೆರಿಕದ ಕಾನೂನು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜಿ, ಮಗಳು, ಆರು ವರ್ಷದ ಮೊಮ್ಮಗಳು. ಮಗಳು ಅಡುಗೆ ಚಾನೆಲ್ ನಡೆಸುತ್ತಾಳೆ. ಈ ವಾರ ಮೂರು ವಿಡಿಯೊ ತಯಾರಾಗಿವೆ. ಮೊದಲನೆಯದರಲ್ಲಿ ಅಜ್ಜಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಾರೆ, ಮೊಮ್ಮಗಳು ಪಕ್ಕದಲ್ಲಿ ಕೂತು ಕಾಗೆ ದನಿ ಹೊರಡಿಸುತ್ತಾಳೆ. ಎರಡನೆಯದರಲ್ಲಿ ಅಜ್ಜಿ ಶಾಲೆಯ ಡಬ್ಬಿಗೆ ಚಿತ್ರಾನ್ನ ಮಾಡಿ ತೋರಿಸುತ್ತಾರೆ, ಮೊಮ್ಮಗಳು ಕೊನೆಗೆ ರುಚಿ ನೋಡುತ್ತಾಳೆ. ಮೂರನೆಯದು ಅಂಗಳದಲ್ಲಿ ಮೊಮ್ಮಗಳು ಮತ್ತು ಪಕ್ಕದ ಮನೆ ಹುಡುಗಿ ಮಳೆಯಲ್ಲಿ ನೆನೆಯುತ್ತಾ ಕುಣಿಯುವ ಒಂದು ನಿಮಿಷದ ತುಣುಕು. ಮೂರರಲ್ಲೂ ಅದೇ ಮಗು ಇದೆ. ಆದರೆ ಮೂರಕ್ಕೂ ಉತ್ತರ ಬೇರೆ.

ಮಗು ಕಂಡರೆ ಸಾಲದು

ಕಥೆಯ ವಿಡಿಯೊಗೆ Yes. ಇದರಲ್ಲಿ ಅನುಮಾನವೇ ಬೇಡ. ವಿಷಯ ಮಕ್ಕಳದು, ಮಾತು ಮಕ್ಕಳಿಗೆ ಅರ್ಥವಾಗುವಂಥದ್ದು, ಅಜ್ಜಿ ಕ್ಯಾಮೆರಾ ನೋಡಿ "ಗುಬ್ಬಕ್ಕ ಬಾಗಿಲು ತೆಗೀತಾಳಾ ಹೇಳಿ ಪುಟ್ಟಾ" ಅಂತ ಕೇಳುತ್ತಾರೆ. ಯೂಟ್ಯೂಬ್ ನೋಡಲು ಹೇಳುವ ಅಂಶಗಳೂ ಇವೇ: ವಿಷಯ ಏನು, ಯಾರಿಗಾಗಿ ಮಾಡಿದ್ದು, ಗೊಂಬೆ ಅಥವಾ ಕಾರ್ಟೂನ್ ಪಾತ್ರಗಳು ಇವೆಯಾ, ಮಕ್ಕಳ ಹಾಡು ಕಥೆ ಆಟ ಇದೆಯಾ, ಮಾತು ಮಕ್ಕಳ ಮಟ್ಟದ್ದಾ. ತೆರೆಯ ಮೇಲೆ ಮಗು ಇರುವುದು ಈ ಪಟ್ಟಿಯಲ್ಲಿ ಒಂದು ಅಂಶ ಮಾತ್ರ.

ಚಿತ್ರಾನ್ನದ ವಿಡಿಯೊಗೆ No. ಅಜ್ಜಿ ಮಾತಾಡುತ್ತಿರುವುದು ಬೆಳಿಗ್ಗೆ ಏಳು ಗಂಟೆಗೆ ಡಬ್ಬಿ ಕಟ್ಟುವ ಅಮ್ಮಂದಿರ ಜೊತೆ. ಒಗ್ಗರಣೆಗೆ ಎಷ್ಟು ಎಣ್ಣೆ, ನಿಂಬೆಹಣ್ಣು ಯಾವಾಗ ಹಿಂಡಬೇಕು ಅನ್ನುವುದು ಆರು ವರ್ಷದವಳಿಗೆ ಬೇಕಾಗಿಲ್ಲ. ಮಗು ನೋಡಬಹುದು, ಅಡ್ಡಿಯಿಲ್ಲ. ಮಗು ನೋಡಬಹುದಾದ್ದು ಬೇರೆ, ಮಗುವಿಗೆಂದೇ ಮಾಡಿದ್ದು ಬೇರೆ. No ಅಂದರೆ ದೊಡ್ಡವರಿಗೆ ಮಾತ್ರ ಎಂಬ ಅರ್ಥವೂ ಅಲ್ಲ. ಅದಕ್ಕೆ ಕೆಳಗೆ Age restriction ಅಂತ ಇನ್ನೊಂದು ಆಯ್ಕೆ ಇದೆ. ಅದು 18 ದಾಟಿದವರಿಗೆ ಮಾತ್ರ ತೋರಿಸುವ ಬೀಗ. ಈ ಎರಡನ್ನೂ ಒಂದೇ ಅಂದುಕೊಂಡು, "ಮಕ್ಕಳು ನೋಡದಿರಲಿ" ಅಂತ ಅಡುಗೆ ವಿಡಿಯೊಗೆ 18ರ ಬೀಗ ಹಾಕಿ ವ್ಯೂಸ್ ಕಳೆದುಕೊಂಡವರಿದ್ದಾರೆ.

ನಿಜಕ್ಕೂ ಕಷ್ಟದ ಪ್ರಶ್ನೆ ಬರುವುದು ಕನ್ನಡ ಕಲಿಸುವ ವಿಡಿಯೊಗಳಲ್ಲಿ. ಅ ಆ ಇ ಈ ಹೇಳಿಕೊಡುವ ವಿಡಿಯೊವನ್ನು ನ್ಯೂಜೆರ್ಸಿಯಲ್ಲಿರುವ ಕನ್ನಡದ ಮನೆಯ ಮಗು ನೋಡುತ್ತದೆ. ಬೆಂಗಳೂರಿಗೆ ಕೆಲಸಕ್ಕೆ ಬಂದ ಬಿಹಾರದ ಎಂಜಿನಿಯರ್ ಕೂಡ ನೋಡುತ್ತಾನೆ. ಇಲ್ಲಿ ನೋಡಬೇಕಾದ್ದು ನೀವು ಹೇಗೆ ಮಾಡಿದ್ದೀರಿ ಎನ್ನುವುದನ್ನು. ಅ ಎಂದರೆ ಅರಸ ಅಂತ ಕುಣಿಯುವ ಚಿತ್ರ, ರಾಗವಾದ ಹಾಡು ಇದ್ದರೆ Yes. ಬಿಳಿ ಹಲಗೆಯ ಮೇಲೆ ಅಕ್ಷರ ಬರೆದು, ಇಂಗ್ಲಿಷ್‌ನಲ್ಲಿ ಉಚ್ಚಾರಣೆ ವಿವರಿಸಿ, ಆಟೊದವರ ಜೊತೆ ಮಾತಾಡುವುದನ್ನು ಕಲಿಸಿದರೆ No. ಎರಡನ್ನೂ ಒಂದೇ ಚಾನೆಲ್‌ನಲ್ಲಿ ಹಾಕುವವರು ಚಾನೆಲ್ ಸೆಟ್ಟಿಂಗ್‌ನಲ್ಲಿ ಇಡೀ ಚಾನೆಲ್‌ಗೆ ಒಂದೇ ಉತ್ತರ ಕೊಡಬಾರದು. ಅಲ್ಲಿ I want to review this setting for every video ಎಂಬ ಮೂರನೇ ಆಯ್ಕೆ ಇದೆ. ನಮ್ಮ ಅಜ್ಜಿಯ ಚಾನೆಲ್‌ಗೂ ಅದೇ ಸರಿ.

Yes ಒತ್ತಿದರೆ ಏನೇನು ಹೋಗುತ್ತೆ ಅಂತ ಮೊದಲೇ ತಿಳಿದಿರಬೇಕು. ಕಾಮೆಂಟ್ ಇರುವುದಿಲ್ಲ. ವಿಡಿಯೊ ಮುಗಿಯುವಾಗ ಬರುವ ಎಂಡ್ ಸ್ಕ್ರೀನ್ ಇರುವುದಿಲ್ಲ, ಮಧ್ಯೆ ಬರುವ ಕಾರ್ಡ್ ಇರುವುದಿಲ್ಲ. ಚಾನೆಲ್ ಮೆಂಬರ್‌ಶಿಪ್, ಸೂಪರ್ ಚಾಟ್ ಇಲ್ಲ. ನೋಡುಗರ ಆಸಕ್ತಿ ನೋಡಿ ತೋರಿಸುವ ಜಾಹೀರಾತು ನಿಲ್ಲುತ್ತದೆ, ವಿಡಿಯೊದ ವಿಷಯಕ್ಕೆ ಹೊಂದುವ ಜಾಹೀರಾತು ಮಾತ್ರ ಬರಬಹುದು. ಅದರಲ್ಲಿ ದುಡ್ಡು ಸಾಮಾನ್ಯವಾಗಿ ಕಡಿಮೆ. ಇದಕ್ಕೆ ಬದಲಾಗಿ ಸಿಗುವುದೂ ಒಂದಿದೆ: ಈ ವಿಡಿಯೊ ಇತರ ಮಕ್ಕಳ ವಿಡಿಯೊಗಳ ಪಕ್ಕದಲ್ಲಿ ಕಾಣುವ ಸಾಧ್ಯತೆ ಜಾಸ್ತಿ. ಕಥೆ ಕೇಳುವ ಮಗುವಿನ ಮುಂದೆಯೇ ಕಥೆ ಬರುತ್ತದೆ. ನನಗೆ ಕೇಳಿದರೆ, ಕಥೆಯ ವಿಡಿಯೊಗೆ ಅದೇ ದೊಡ್ಡ ಲಾಭ.

ದುಡ್ಡಿಗಾಗಿ ಕಥೆಗೆ No ಹಾಕಿದರೆ? ಯೂಟ್ಯೂಬ್‌ನ ಯಂತ್ರ ವಿಡಿಯೊ ನೋಡಿ ತಾನೇ ಅದನ್ನು ಮಕ್ಕಳದು ಅಂತ ಬದಲಿಸಬಹುದು. ಹಾಗೆ ಆದ ವಿಡಿಯೊ ಪಕ್ಕದಲ್ಲಿ ಸ್ಟುಡಿಯೊದಲ್ಲಿ Set to made for kids by YouTube ಎಂದು ಕಾಣುತ್ತದೆ. ಆಮೇಲೆ ಅದನ್ನು ನೀವೇ ಬದಲಿಸಲು ಆಗುವುದಿಲ್ಲ. ತಪ್ಪಾಗಿದೆ ಅನ್ನಿಸಿದರೆ ಮೇಲ್ಮನವಿ ಹಾಕಬಹುದು. ಪದೇ ಪದೇ ಸುಳ್ಳು ಉತ್ತರ ಕೊಟ್ಟರೆ ಚಾನೆಲ್ ಮೇಲೆ ಕ್ರಮವೂ ಆಗಬಹುದು. ಯಂತ್ರ ಹಿಡಿಯಲಿಲ್ಲ ಅಂದ ಮಾತ್ರಕ್ಕೆ ನಿಮ್ಮ ಉತ್ತರ ಸರಿ ಅಂತಲೂ ಅಲ್ಲ. ಹೊಣೆ ವಿಡಿಯೊ ಹಾಕಿದವರದೇ.

ಟ್ಯಾಗ್ ಎಂಬ ಚಿಕ್ಕ ಪೆಟ್ಟಿಗೆ

ಟ್ಯಾಗ್ ಬಗ್ಗೆ ಇರುವ ಭ್ರಮೆ ದೊಡ್ಡದು. ಟ್ಯಾಗ್ ತುಂಬಿದಷ್ಟೂ ವಿಡಿಯೊ ಓಡುತ್ತೆ ಅಂತ ಈಗಲೂ ನಂಬುವವರಿದ್ದಾರೆ. ವಿಡಿಯೊ ಜನರಿಗೆ ಸಿಗುವುದರಲ್ಲಿ ಟ್ಯಾಗ್‌ನ ಪಾತ್ರ ತೀರಾ ಕಡಿಮೆ ಎಂದು ಯೂಟ್ಯೂಬ್‌ನ ಸಹಾಯ ಪುಟದಲ್ಲೇ ಬರೆದಿದೆ. ಶೀರ್ಷಿಕೆ, ಮುಖಚಿತ್ರ, ವಿವರಣೆ ಇವೇ ಮುಖ್ಯ. ಟ್ಯಾಗ್ ಕೆಲಸಕ್ಕೆ ಬರುವುದು ಜನ ತಪ್ಪಾಗಿ ಅಥವಾ ಬೇರೆ ಬೇರೆ ಕಾಗುಣಿತದಲ್ಲಿ ಟೈಪ್ ಮಾಡುವ ಪದಗಳಿಗೆ.

ಅಲ್ಲೇ ನೋಡಿ ಕನ್ನಡದವರಿಗೆ ನಿಜವಾದ ಉಪಯೋಗ ಇರುವುದು. ನಮ್ಮಲ್ಲಿ ಹುಡುಕುವವರು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತಾರೆ. ಕಾಗಕ್ಕ ಅನ್ನುವುದನ್ನು ಒಬ್ಬರು ಒಂದು a ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎರಡು. ಗುಬ್ಬಕ್ಕನಿಗೆ ಒಂದೇ b ಸಾಕು ಅನ್ನುವವರೂ ಇದ್ದಾರೆ. ಹಾಗಾಗಿ ಕಥೆಯ ವಿಡಿಯೊಗೆ ನಾನು ಹಾಕುವ ಟ್ಯಾಗ್ ಇಷ್ಟೇ:

```
ಕಾಗಕ್ಕ ಗುಬ್ಬಕ್ಕ, kagakka gubbakka,
kaagakka gubbakka, kagakka gubakka,
makkala kathe, makkala kate,
kannada story for kids
```

ಟ್ಯಾಗ್ ಪೆಟ್ಟಿಗೆಯಲ್ಲಿ ಒಟ್ಟು 500 ಅಕ್ಷರಗಳಿಗೆ ಜಾಗವಿದೆ. ಜಾಗ ಇದೆ ಅಂತ ತುಂಬಬೇಕಾಗಿಲ್ಲ.

ಈಗ ತಪ್ಪು ನೋಡುಗರನ್ನು ಕರೆತರುವ ಟ್ಯಾಗ್‌ಗಳ ವಿಷಯ. ಮೊದಲನೆಯದು ಆಸೆಯಿಂದ ಆಗುವ ತಪ್ಪು: viral, trending, kannada comedy, ಯಾರೋ ಸಿನಿಮಾ ನಟರ ಹೆಸರು. ಕಾಮಿಡಿ ಹುಡುಕಿ ಬಂದವನು ಅಜ್ಜಿಯನ್ನು ಕಂಡು ಹತ್ತು ಸೆಕೆಂಡಿಗೆ ಹೊರಟುಹೋಗುತ್ತಾನೆ. ಬಂದವರೆಲ್ಲ ಬೇಗ ಎದ್ದುಹೋಗುತ್ತಿದ್ದಾರೆ ಎನ್ನುವುದನ್ನು ಯಂತ್ರ ಗಮನಿಸುತ್ತದೆ. ಆಮೇಲೆ ಯಾರಿಗೂ ತೋರಿಸಲು ಹಿಂಜರಿಯುತ್ತದೆ. ಅತ್ತ ಕಾಮಿಡಿಯವರೂ ಇಲ್ಲ, ಇತ್ತ ಮಕ್ಕಳೂ ಇಲ್ಲ.

ಎರಡನೆಯದು ವಿಡಿಯೊದಲ್ಲಿ ಇಲ್ಲದ ಕಾರ್ಟೂನ್ ಪಾತ್ರದ ಹೆಸರು. ಇದನ್ನು ಯೂಟ್ಯೂಬ್ ದಾರಿ ತಪ್ಪಿಸುವ ಮಾಹಿತಿ ಎಂದೇ ಪರಿಗಣಿಸುತ್ತದೆ, ವಿಡಿಯೊ ತೆಗೆದುಹಾಕಬಹುದು. ಇದಕ್ಕೆ ಕೆಟ್ಟ ಇತಿಹಾಸವಿದೆ. 2017ರಲ್ಲಿ ಮಕ್ಕಳಿಗೆ ಪರಿಚಿತವಾದ ಪಾತ್ರಗಳ ವೇಷ, ಹೆಸರು ಹಾಕಿಕೊಂಡು ಒಳಗೆ ಹಿಂಸೆ, ಅಸಹ್ಯ ತುಂಬಿದ ವಿಡಿಯೊಗಳು ರಾಶಿ ರಾಶಿಯಾಗಿ ಸಿಕ್ಕವು. ಅವು ಮಕ್ಕಳ ಮುಂದೆ ಬಂದದ್ದರಲ್ಲಿ ಹೆಸರು ಮತ್ತು ಟ್ಯಾಗ್‌ಗಳ ಪಾಲೂ ಇತ್ತು. ಆ ವರ್ಷ ಯೂಟ್ಯೂಬ್ ಬಹಳಷ್ಟು ಚಾನೆಲ್‌ಗಳನ್ನು ಮುಚ್ಚಿತು. ದೊಡ್ಡವರ ವಿಷಯ ಒಳಗಿಟ್ಟು ಮೇಲೆ ಮಕ್ಕಳ ಹೆಸರು ಅಂಟಿಸುವುದು ಈಗ ಮಕ್ಕಳ ಸುರಕ್ಷತಾ ನಿಯಮದ ಉಲ್ಲಂಘನೆ.

ಟ್ಯಾಗ್‌ಗಳನ್ನು ವಿವರಣೆಯಲ್ಲಿ ಸಾಲಾಗಿ ಸುರಿಯುವುದೂ ನಿಯಮಕ್ಕೆ ವಿರುದ್ಧ. ಹ್ಯಾಶ್‌ಟ್ಯಾಗ್ ಹಾಕಬಹುದು, ಆದರೆ 60 ದಾಟಿದರೆ ಎಲ್ಲವನ್ನೂ ಯೂಟ್ಯೂಬ್ ಕಡೆಗಣಿಸುತ್ತದೆ. ಎರಡು ಮೂರು ಸಾಕು.

ಇನ್ನು ಯಾರೂ ಗಮನಿಸದ ಒಂದು ಜಾಗ. ಸ್ಟುಡಿಯೊದ ಸೆಟ್ಟಿಂಗ್‌ನಲ್ಲಿ Upload defaults ಎಂದಿದೆ. ಪ್ರತಿ ಸಲ ಟೈಪ್ ಮಾಡುವ ಕಷ್ಟ ಬೇಡ ಅಂತ ಅಲ್ಲಿ ವಿವರಣೆ, ಟ್ಯಾಗ್ ಬರೆದಿಟ್ಟರೆ ಹೊಸ ವಿಡಿಯೊಗಳಿಗೆ ಅವು ತಾವಾಗೇ ಬಂದು ಕೂರುತ್ತವೆ. ನಮ್ಮ ಮಗಳು ಅಲ್ಲಿ ಯಾವತ್ತೋ chicken curry, bachelor cooking ಅಂತ ಹಾಕಿಟ್ಟಿದ್ದಾಳೆ ಅಂದುಕೊಳ್ಳಿ. ಅಜ್ಜಿಯ ಕಥೆಗೂ ಅದೇ ಟ್ಯಾಗ್. ಟ್ಯಾಗ್ ಪೆಟ್ಟಿಗೆ Show more ಒತ್ತಿದರೆ ಮಾತ್ರ ಕಾಣುವುದರಿಂದ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಅದೇ ಜಾಗದಲ್ಲಿ ಕ್ಯಾಟಗರಿಯೂ ಇದೆ. ಮಕ್ಕಳದು ಎಂಬ ಕ್ಯಾಟಗರಿಯೇ ಇಲ್ಲ, ಕಥೆಗೆ Education ಅಥವಾ Entertainment ಹೊಂದುತ್ತದೆ. ವಿಡಿಯೊದ ಭಾಷೆ ಕನ್ನಡ ಎಂದು ಇಡಲು ಮರೆಯಬೇಡಿ.

ಮೂರನೇ ವಿಡಿಯೊ

ಮಳೆಯಾಟದ ತುಣುಕಿಗೆ ಬರೋಣ. ಇದು ಮಕ್ಕಳಿಗಾಗಿ ಮಾಡಿದ್ದಲ್ಲ. ದೆಹಲಿಯಲ್ಲಿರುವ ಮಾವ, ಹುಬ್ಬಳ್ಳಿಯ ಚಿಕ್ಕಮ್ಮ ನೋಡಲಿ ಅಂತ ತೆಗೆದದ್ದು. ನಿಯಮದ ಪ್ರಕಾರ ಉತ್ತರ No ಆಗುತ್ತದೆ. ಆದರೆ ಇಲ್ಲಿ ಬೇರೆ ಪ್ರಶ್ನೆ ಇದೆ.

2019ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬ್ರೆಜಿಲ್‌ನ ಒಂದು ಮನೆಯ ಕಥೆ ಬರೆಯಿತು. ಹತ್ತು ವರ್ಷದ ಹುಡುಗಿ ಗೆಳತಿಯ ಜೊತೆ ಹಿತ್ತಿಲ ನೀರಿನ ಕೊಳದಲ್ಲಿ ಆಡಿದ ವಿಡಿಯೊ ಹಾಕಿದ್ದಳು. ಕೆಲವೇ ದಿನಗಳಲ್ಲಿ ಅದು ಸಾವಿರಾರು ವ್ಯೂಸ್ ಪಡೆಯಿತು. ಆಮೇಲೆ ನೋಡಿದರೆ ನಾಲ್ಕು ಲಕ್ಷ. ಅಮ್ಮನಿಗೆ ಭಯವಾಯಿತು. ಹಾರ್ವರ್ಡ್‌ನ ಸಂಶೋಧಕರು ಕಾರಣ ಹುಡುಕಿದ್ದರು. ಮಕ್ಕಳನ್ನು ಕೆಟ್ಟ ಕಣ್ಣಿಂದ ನೋಡುವ ಜನ ಒಂದಾದ ಮೇಲೊಂದು ಯಾವ ವಿಡಿಯೊ ನೋಡುತ್ತಾರೋ, ಯೂಟ್ಯೂಬ್‌ನ ಶಿಫಾರಸು ಯಂತ್ರ ಅಂಥವನ್ನೆಲ್ಲ ಒಟ್ಟಿಗೆ ಗುಡ್ಡೆ ಹಾಕಿ ಅವರಿಗೇ ತೋರಿಸುತ್ತಿತ್ತು. ಅದಕ್ಕೆ ಕೆಲವು ತಿಂಗಳ ಮುಂಚೆ, ಫೆಬ್ರವರಿಯಲ್ಲಿ, ಇಂಥ ವಿಡಿಯೊಗಳ ಕಾಮೆಂಟ್‌ನಲ್ಲಿ ಆ ಜನ ನಿಮಿಷ ಸೆಕೆಂಡ್ ಬರೆದು ಪರಸ್ಪರ ತೋರಿಸಿಕೊಳ್ಳುತ್ತಿದ್ದುದು ಹೊರಬಿದ್ದಿತ್ತು. ಕೋಟಿಗಟ್ಟಲೆ ವಿಡಿಯೊಗಳ ಕಾಮೆಂಟನ್ನು ಯೂಟ್ಯೂಬ್ ಮುಚ್ಚಿತ್ತು.

ಆ ಮನೆಯವರು ತಪ್ಪು ಟ್ಯಾಗ್ ಹಾಕಿದ್ದರಿಂದ ಹೀಗಾಯಿತು ಅಂತ ಯಾರೂ ಹೇಳಲಿಲ್ಲ. ಟ್ಯಾಗ್ ಸರಿ ಇದ್ದರೂ ವಿಡಿಯೊ ತಪ್ಪು ಕೈಗೆ ಹೋಗಬಹುದು. ಹಾಗಾಗಿ ಮಳೆಯಾಟದ ತುಣುಕಿಗೆ ನನ್ನ ಸಲಹೆ ಟ್ಯಾಗ್ ಬಗ್ಗೆ ಅಲ್ಲವೇ ಅಲ್ಲ. ಅದನ್ನು Public ಮಾಡಬೇಡಿ. Private ಇಟ್ಟು ಮಾವನ ಇಮೇಲ್ ಸೇರಿಸಿದರೆ ಅವರಿಗೆ ಮಾತ್ರ ಕಾಣುತ್ತದೆ. Unlisted ಇಟ್ಟರೆ ಲಿಂಕ್ ಸಿಕ್ಕವರೆಲ್ಲ ನೋಡಬಹುದು, ಫ್ಯಾಮಿಲಿ ವಾಟ್ಸಾಪ್ ಗ್ರೂಪಿನ ಲಿಂಕ್ ಎಲ್ಲಿಗೆಲ್ಲ ಹೋಗುತ್ತೆ ಅಂತ ನಿಮಗೇ ಗೊತ್ತು. ಪಕ್ಕದ ಮನೆ ಹುಡುಗಿಯ ಅಪ್ಪ ಅಮ್ಮನನ್ನು ಕೇಳದೆ ಹಾಕುವ ಹಕ್ಕಂತೂ ಇಲ್ಲ.

ಹಾಗಂತ ಪದಗಳು ಲೆಕ್ಕಕ್ಕಿಲ್ಲ ಎಂದಲ್ಲ. ಕಥೆಯ ವಿಡಿಯೊದಲ್ಲೂ ಮಗು ಇದೆಯಲ್ಲ. ಅದಕ್ಕೆ "6 ವರ್ಷದ ಕ್ಯೂಟ್ ಪುಟಾಣಿ ಏನ್ ಮಾಡಿದ್ಲು ನೋಡಿ" ಅಂತ ಶೀರ್ಷಿಕೆ ಕೊಟ್ಟರೆ ಸರಕು ಕಥೆಯಲ್ಲ, ಮಗು. ಹುಡುಕಾಟದಲ್ಲಿ ಸಿಗುವುದೂ ಮಗುವನ್ನು ಹುಡುಕುವವರಿಗೆ. "ಕಾಗಕ್ಕ ಗುಬ್ಬಕ್ಕನ ಕಥೆ | ಅಜ್ಜಿ ಹೇಳುವ ಮಕ್ಕಳ ಕಥೆ" ಅಂದರೆ ಕಥೆ ಬೇಕಾದವರು ಬರುತ್ತಾರೆ. ಒಂದು ನಿಯಮ ಇಟ್ಟುಕೊಳ್ಳಿ: ಶೀರ್ಷಿಕೆ, ವಿವರಣೆ, ಟ್ಯಾಗ್ ಮೂರರಲ್ಲೂ ಇರುವ ಪದಗಳು ವಿಡಿಯೊದ ವಿಷಯದ ಬಗ್ಗೆ ಇರಲಿ. ಮಗುವಿನ ವಯಸ್ಸು, ಮೈ, ಬಟ್ಟೆ, ರೂಪದ ಬಗ್ಗೆ ಬೇಡ. ಮುಖಚಿತ್ರಕ್ಕೂ ಇದೇ ಮಾತು. ಅಲ್ಲಿ ಮಗುವಿನ ಮುಖದ ಬದಲು ಕಾಗೆ ಗುಬ್ಬಿಯ ಚಿತ್ರ ಹಾಕಿದರೆ ಕಥೆಗೇನೂ ಕಡಿಮೆಯಾಗುವುದಿಲ್ಲ.

ಮಗುವಿನ ಪೂರ್ತಿ ಹೆಸರು, ಶಾಲೆ, ಬೀದಿ, ಹುಟ್ಟಿದ ದಿನ ವಿವರಣೆಯಲ್ಲಿ ಬರಬಾರದು. Recording date and location ಎಂಬ ಜಾಗವನ್ನು ಖಾಲಿ ಬಿಡಿ. ಫೈಲಿನ ಹೆಸರನ್ನೂ ನೋಡಿಕೊಳ್ಳಿ: ಅಪ್‌ಲೋಡ್ ಮಾಡಿದ ಕೂಡಲೇ ಅದೇ ಶೀರ್ಷಿಕೆಯ ಜಾಗದಲ್ಲಿ ಬಂದು ಕೂರುತ್ತದೆ. ಮಗುವಿನ ಹೆಸರು, ಶಾಲೆಯ ಹೆಸರು ಸೇರಿಸಿ ಫೈಲ್ ಉಳಿಸಿದ್ದರೆ, ಗಡಿಬಿಡಿಯಲ್ಲಿ ಪಬ್ಲಿಷ್ ಒತ್ತಿದಾಗ ಅದೇ ಜಗತ್ತಿಗೆಲ್ಲ ಕಾಣುತ್ತದೆ.

ಯಾರು ಬರುತ್ತಿದ್ದಾರೆ ಅಂತ ತಿಳಿಯುವುದು

ವಿಡಿಯೊ ಹಾಕಿ ಒಂದೆರಡು ವಾರದ ಮೇಲೆ ಆ ವಿಡಿಯೊದ ಅನಲಿಟಿಕ್ಸ್ ತೆರೆಯಿರಿ. ನೋಡಬೇಕಾದ್ದು ವ್ಯೂಸ್ ಸಂಖ್ಯೆಯನ್ನಲ್ಲ, ನೋಡುಗರು ಎಲ್ಲಿಂದ ಬಂದರು ಎನ್ನುವುದನ್ನು. YouTube search ಒಳಗೆ ಹೋದರೆ ಅವರು ಟೈಪ್ ಮಾಡಿದ ಪದಗಳೇ ಕಾಣುತ್ತವೆ. ಅಲ್ಲಿ makkala kathe, gubbakka ಇದ್ದರೆ ಎಲ್ಲ ಸರಿಯಾಗಿದೆ. ಅಡುಗೆಯ ಪದ ಇದ್ದರೆ Upload defaults ನೋಡಿ ಬನ್ನಿ. Suggested videos ಒಳಗೆ ಯಾವ ಯಾವ ವಿಡಿಯೊದ ಪಕ್ಕದಿಂದ ಜನ ಬಂದರು ಅಂತ ಕಾಣುತ್ತದೆ. ಇತರ ಕಥೆಗಳು, ಶಿಶುಗೀತೆಗಳು ಇದ್ದರೆ ಒಳ್ಳೆಯದು. ನಿಮಗೆ ಸಂಬಂಧವೇ ಇಲ್ಲದ ದೇಶಗಳ, ಮಕ್ಕಳು ಈಜುವ ಅಥವಾ ಕುಣಿಯುವ ಮನೆ ವಿಡಿಯೊಗಳು ಸಾಲಾಗಿ ಇದ್ದರೆ, ಅದರ ಜೊತೆಗೆ ವ್ಯೂಸ್ ಏಕಾಏಕಿ ಏರಿದ್ದರೆ, ತಡ ಮಾಡಬೇಡಿ. ಶೀರ್ಷಿಕೆ ತಿದ್ದುತ್ತಾ ಕೂರುವುದಲ್ಲ, ಮೊದಲು Private ಮಾಡಿ. External ಒಳಗೆ ಗುರುತಿಲ್ಲದ ಸೈಟ್‌ನ ಹೆಸರು ಇದ್ದರೆ ಅಲ್ಲಿಗೆ ಯಾರೋ ಲಿಂಕ್ ಹಂಚಿದ್ದಾರೆ ಅಥವಾ ವಿಡಿಯೊವನ್ನೇ ಅಂಟಿಸಿದ್ದಾರೆ ಎಂದರ್ಥ. Show more ಕೆಳಗೆ Allow embedding ತೆಗೆದರೆ ಬೇರೆ ಸೈಟ್‌ನಲ್ಲಿ ವಿಡಿಯೊ ಓಡುವುದು ನಿಲ್ಲುತ್ತದೆ. ಲಿಂಕ್ ಮಾತ್ರ ಉಳಿಯುತ್ತದೆ, ಅದನ್ನು ನಿಲ್ಲಿಸುವುದು Private ಒಂದೇ.

ಹಳೆಯ ವಿಡಿಯೊಗಳನ್ನು ಒಂದೊಂದಾಗಿ ತೆರೆಯಬೇಕಾಗಿಲ್ಲ. ಸ್ಟುಡಿಯೊದ Content ಪಟ್ಟಿಯಲ್ಲಿ ಬೇಕಾದ ವಿಡಿಯೊಗಳ ಎದುರು ಗುರುತು ಹಾಕಿ, Edit ಒತ್ತಿ, Audience ಆಯ್ಕೆ ಮಾಡಿದರೆ ಎಲ್ಲಕ್ಕೂ ಒಟ್ಟಿಗೆ ಉತ್ತರ ಬದಲಾಗುತ್ತದೆ. ಕಥೆಗಳನ್ನು ಮಾತ್ರ ಆರಿಸಿ. ಪಟ್ಟಿಯ ತುದಿಯ ಚೌಕ ಒತ್ತಿ ಪುಟದಲ್ಲಿರುವ ಎಲ್ಲವನ್ನೂ ಒಂದೇ ಏಟಿಗೆ ಆರಿಸಿದರೆ ಚಿತ್ರಾನ್ನವೂ ಮಕ್ಕಳ ವಿಡಿಯೊ ಆಗಿ, ಅದರ ಕೆಳಗೆ ಅಮ್ಮಂದಿರು ಬರೆದ ಕಾಮೆಂಟ್‌ಗಳೆಲ್ಲ ಕಣ್ಮರೆಯಾಗುತ್ತವೆ.